ನಮ್ಮ ಮನೆಯ ವೈಫೈಗೆ ಹೆಸರಿಟ್ಟದ್ದು

ಕಳೆದ ದೀಪಾವಳಿಗೆ ಅಕ್ಕ, ಭಾವ, ಮಕ್ಕಳು ಬಂದಿದ್ದರು. ಅಕ್ಕ ಮೊಬೈಲ್ ಚಾಚಿ, "ಇದರಲ್ಲಿ ನಿಮ್ಮದು ಯಾವುದು?" ಎಂದು ಕೇಳಿದಳು. ಪರದೆಯಲ್ಲಿ ನಮ್ಮವೇ ಮೂರು ಹೆಸರುಗಳಿದ್ದವು. ಒಂದು ರೂಟರ್ ಕಂಪನಿ ಇಟ್ಟದ್ದು, ಇನ್ನೊಂದು ಅದಕ್ಕೇ `_5G` ಅಂಟಿದ್ದು, ಮತ್ತೊಂದು ಸಿಗ್ನಲ್ ಅನ್ನು ಮಹಡಿಗೂ ತಲುಪಿಸುವ ಎಕ್ಸ್‌ಟೆಂಡರ್‌ನ `_EXT`. ಅಮ್ಮ ಕೆಳಗಿನ ಹೆಸರಿಗೆ ಸೇರಿಕೊಂಡೇ ಮಹಡಿಗೆ ಹೋಗಿ, ವಿಡಿಯೊ ಕರೆ ನಿಂತುಹೋಗುತ್ತದೆ ಎಂದು ಎಷ್ಟೋ ಸಲ ಹೇಳಿದ್ದರು. ಅದರ ಕಾರಣ ನನಗೆ ಆಗ ಹೊಳೆಯಿತು. ಹೆಸರು ಬೇರೆಯಾದರೆ ಫೋನಿಗೆ ಅದು ಬೇರೆಯೇ ಜಾಲ. ಹಿಡಿದಿರುವ ಸಿಗ್ನಲ್ ಬಹುತೇಕ ಸಾಯುವವರೆಗೂ ಅದು ಸಾಮಾನ್ಯವಾಗಿ ಇನ್ನೊಂದರ ಕಡೆ ತಿರುಗುವುದಿಲ್ಲ.

ಹಬ್ಬ ಮುಗಿದ ಮೇಲೆ ಮೂರಕ್ಕೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಕೊಟ್ಟೆ. "ನಮ್ಮ ಮನೆ ಅತಿಥಿ" ಎಂದು ಕನ್ನಡದಲ್ಲೇ ಇಡುವ ಆಸೆಯಿಂದ ಮೊದಲು ಅತಿಥಿಗಳ ಪ್ರತ್ಯೇಕ ಜಾಲಕ್ಕೆ ಬರೆದು ನೋಡಿದೆ. ರೂಟರ್ ಒಪ್ಪಲಿಲ್ಲ. ವೈಫೈ ಹೆಸರಿಗೆ 32 ಬೈಟ್ ಮಿತಿ ಇದೆ. ಕನ್ನಡದ ಪ್ರತಿ ಅಕ್ಷರ, ಸ್ವರಚಿಹ್ನೆಗೂ ಮೂರು ಮೂರು ಬೈಟ್, ಒತ್ತಿಗೆ ಆರು ಬೈಟ್ ಬೇಕು. ಈ ಹೆಸರು 38 ಬೈಟ್ ಆಗುತ್ತದೆ. ಚಿಕ್ಕ ಕನ್ನಡ ಹೆಸರು ಹಿಡಿಸುತ್ತದೆ ನಿಜ, ಆದರೆ ನಮ್ಮ ಹಳೆಯ ಪ್ರಿಂಟರ್‌ನ ಪುಟ್ಟ ಪರದೆ ಅದನ್ನು ಓದಲಾರದು. ಕೊನೆಗೆ ಮನೆಗೆ `Mallige`, ಬಂದವರಿಗೆ `Mallige-Atithi` ಎಂದಿಟ್ಟೆ. ನಮ್ಮ ಉಪನಾಮವನ್ನಾಗಲಿ ಮನೆಯ ಸಂಖ್ಯೆಯನ್ನಾಗಲಿ ಬೇಕೆಂದೇ ಸೇರಿಸಲಿಲ್ಲ. ಬೀದಿಯಲ್ಲಿ ಹೋಗುವವರಿಗೂ ಈ ಹೆಸರು ಕಾಣುತ್ತದೆ.

ಹೆಸರು ಬದಲಾದ ಕೂಡಲೇ ಮನೆಯ ಎಲ್ಲ ಸಾಧನಗಳೂ ಜಾಲದಿಂದ ಹೊರಬಿದ್ದವು. ಫೋನುಗಳನ್ನು ಸೇರಿಸುವುದು ಐದು ನಿಮಿಷದ ಕೆಲಸ. ಗೀಸರ್‌ನ ಸ್ಮಾರ್ಟ್ ಪ್ಲಗ್ ಮಾತ್ರ ಸಂಜೆಯವರೆಗೂ ಕಾಡಿತು. ಅದಕ್ಕೆ ವೈಫೈನ 2.4 ಗಿಗಾಹರ್ಟ್ಸ್ ತರಂಗ ಮಾತ್ರ ಗೊತ್ತು. ಒಂದೇ ಹೆಸರಿನಡಿ, ಪ್ಲಗ್ ಅನ್ನು ಜಾಲಕ್ಕೆ ಸೇರಿಸಬೇಕಾದ ನನ್ನ ಫೋನ್ 5 ಗಿಗಾಹರ್ಟ್ಸ್‌ನಲ್ಲಿ ಕುಳಿತಿತ್ತು. ರೂಟರ್‌ನಲ್ಲಿ 5 ಗಿಗಾಹರ್ಟ್ಸ್ ಅನ್ನು ಹತ್ತು ನಿಮಿಷ ಆಫ್ ಮಾಡಿ ಪ್ಲಗ್ ಸೇರಿಸಿದೆ, ಮತ್ತೆ ಹಾಕಿದೆ. ಆಮೇಲೆ ತೊಂದರೆ ಬರಲಿಲ್ಲ. ಮುಂದೆ ರೂಟರನ್ನೇ ಬದಲಿಸಿದರೂ ಇದೇ ಹೆಸರು, ಪಾಸ್‌ವರ್ಡ್ ಕೊಡುತ್ತೇನೆ. ಆಗ ಬಹುಪಾಲು ಸಾಧನಗಳು ತಾವೇ ಬಂದು ಸೇರುತ್ತವೆ.

ಸಾಧನಗಳಿಗೆ ಅವು ಇರುವ ಜಾಗದ ಹೆಸರನ್ನೇ ಕೊಟ್ಟೆ: `Hall TV`, `Mahadi TV`. ಮೊದಲು ಎರಡೂ ಟಿವಿಗಳು ಮಾದರಿ ಸಂಖ್ಯೆಯಿಂದ ಕಾಣುತ್ತಿದ್ದವು. ಅಕ್ಕನ ಮಗ ಹಾಲ್‌ನಿಂದ ಕಳುಹಿಸಿದ ಕಾರ್ಟೂನ್, ಮಹಡಿಯಲ್ಲಿ ಅಪ್ಪ ನೋಡುತ್ತಿದ್ದ ವಾರ್ತೆಯ ಮೇಲೆ ಬಂದು ಕುಳಿತಿತ್ತು. ಟಿವಿಯ ಸೆಟ್ಟಿಂಗ್ಸ್‌ನಲ್ಲೇ ಹೆಸರು ಬದಲಿಸಬಹುದು.

ಅತಿಥಿಗಳ ಜಾಲದಿಂದ ಟಿವಿ, ಪ್ರಿಂಟರ್ ಕಾಣುವುದಿಲ್ಲ, ಏಕೆಂದರೆ ರೂಟರ್ ಅದನ್ನು ಪ್ರತ್ಯೇಕವಾಗಿಡುತ್ತದೆ. ಸಂಕ್ರಾಂತಿಗೆ ಬಂದ ಭಾವ ರೈಲು ಟಿಕೆಟ್ ಮುದ್ರಿಸಲು ಪ್ರಿಂಟರ್ ಹುಡುಕಿ ಸೋತರು. ನಾನೇ ಅವರಿಂದ ಕಡತ ಪಡೆದು ಮುದ್ರಿಸಿಕೊಟ್ಟೆ. ವಾರಗಟ್ಟಲೆ ಉಳಿಯುವ ಅಕ್ಕನಿಗೆ ಈಗ `Mallige` ಪಾಸ್‌ವರ್ಡನ್ನೇ ಕೊಟ್ಟಿದ್ದೇನೆ. ಅತಿಥಿಗಳ ಜಾಲದ ಕ್ಯೂಆರ್ ಚೀಟಿ ಫ್ರಿಜ್ ಬಾಗಿಲ ಮೇಲಿದೆ.