ರಿಪೇರಿಗೆ ಅಂಗಡಿ ಮುಚ್ಚುತ್ತೀರಾ? ಪೋಸ್ಟ್ ಹೀಗೆ ಬರೆಯಿರಿ

ಬರೆಯುವ ಮೊದಲು ತಾರೀಖು ಗಟ್ಟಿ ಮಾಡಿಕೊಳ್ಳಿ. ಗೋಣಿಕೊಪ್ಪದಲ್ಲೊಂದು ದಿನಸಿ ಅಂಗಡಿ ಅಂತಿಟ್ಟುಕೊಳ್ಳೋಣ. ನೆಲಕ್ಕೆ ಟೈಲ್ಸ್, ಗೋಡೆಗೆ ಪುಟ್ಟಿ, ಪೇಂಟ್ ಆಗಬೇಕು. ಇದಕ್ಕೆ ಏಪ್ರಿಲ್ ಒಳ್ಳೆಯದು, ಯಾಕೆಂದರೆ ಕಾಫಿ ಕೊಯ್ಲು ಮುಗಿದಿರುತ್ತದೆ, ಮಳೆಗಾಲ ಇನ್ನೂ ಶುರುವಾಗಿರೋದಿಲ್ಲ. ಜೂನ್ ಬಂತೆಂದರೆ ನಮ್ಮಲ್ಲಿ ಪುಟ್ಟಿ ಬೇಗ ಒಣಗೋದಿಲ್ಲ, ಹಸಿ ಗೋಡೆಗೆ ಪೇಂಟ್ ಹೊಡೆದರೆ ಗುಳ್ಳೆ ಎದ್ದು ಸುಲಿಯುತ್ತದೆ.

ಮೇಸ್ತ್ರಿ 14 ದಿನ ಸಾಕು ಅಂದರು. ಹಾಗಂತ ಏಪ್ರಿಲ್ 6ರ ಸೋಮವಾರ ಮುಚ್ಚಿ 20ಕ್ಕೆ ತೆರೆಯುತ್ತೇವೆ ಅಂತ ಬರೆದುಬಿಡಬೇಡಿ. ಟೈಲ್ಸ್ ಬರೋದು ತಡ ಆಗಬಹುದು, ಸಾಮಾನು ಮತ್ತೆ ಜೋಡಿಸೋಕೂ ದಿನ ಬೇಕು. 24, ಶುಕ್ರವಾರ ಅಂತ ಕೊಡಿ. ಆಗ ಭಾನುವಾರದ ಸಂತೆಗೆ ಬರುವವರಿಗೆ ಅಂಗಡಿ ಸಿದ್ಧವಾಗಿರುತ್ತದೆ. ಒಂದು ಸಂತೆಯಲ್ಲಿ ಬಂದು ಬೀಗ ನೋಡಿ ಹೋದವರು ಮುಂದಿನ ವಾರ ಪಕ್ಕದ ಅಂಗಡಿಗೇ ನೇರ ಹೋಗುತ್ತಾರೆ.

ಇನ್ನು ಮಧ್ಯದ ಎರಡು ಸಂತೆ. ಖಾಯಂ ಗಿರಾಕಿ ಕೈತಪ್ಪುವುದು ಇಲ್ಲೇ. ಅಕ್ಕಿ, ಎಣ್ಣೆ, ಬೇಳೆ, ಸಕ್ಕರೆ ಇಷ್ಟನ್ನಾದರೂ ಗೋದಾಮಿನಿಂದ ಕೊಡೋಕೆ ಆಗುತ್ತಾ ನೋಡಿ. ಆಗುವುದಾದರೆ ಅದನ್ನು ಪೋಸ್ಟಿನಲ್ಲಿ ಬಿಡಿಸಿ ಹೇಳಿ:

"ನಮಸ್ಕಾರ. ರಿಪೇರಿ ಕೆಲಸಕ್ಕಾಗಿ ನಮ್ಮ ಅಂಗಡಿ ಏಪ್ರಿಲ್ 6, ಸೋಮವಾರದಿಂದ ಮುಚ್ಚಿರುತ್ತದೆ. 24, ಶುಕ್ರವಾರ ಬೆಳಿಗ್ಗೆ 8ಕ್ಕೆ ಇದೇ ಜಾಗದಲ್ಲಿ ತೆರೆಯುತ್ತೇವೆ. ಅಲ್ಲಿಯವರೆಗೆ ಅಕ್ಕಿ, ಎಣ್ಣೆ, ಬೇಳೆ, ಸಕ್ಕರೆ ಹಿಂದಿನ ಗೋದಾಮಿನಲ್ಲಿ ಸಂಜೆ 4ರಿಂದ 7ರವರೆಗೆ ಸಿಗುತ್ತದೆ. ಪಟ್ಟಿಯನ್ನು ಇದೇ ನಂಬರಿಗೆ ಕಳಿಸಿದರೆ ಕಟ್ಟಿಟ್ಟಿರುತ್ತೇವೆ. ನಿಮ್ಮ ಲೆಕ್ಕದ ಪುಸ್ತಕ ಹಾಗೇ ಮುಂದುವರಿಯುತ್ತದೆ."

ಕೊನೆಯ ಸಾಲು ಬಿಡಬೇಡಿ. ಬಟವಾಡೆ ಆದ ಮೇಲೆ ದುಡ್ಡು ಕೊಡುವ ಮನೆಗಳಿಗೆ ಮೊದಲು ಬರುವ ಚಿಂತೆಯೇ ಅದು. ಬಾಕಿ ಕೇಳೋದಿದ್ದರೆ ಅವರವರಿಗೆ ಬೇರೆಯಾಗಿ ಹೇಳಿ, ಈ ಪೋಸ್ಟಿನಲ್ಲಿ ಮಾತ್ರ ಬೇಡ.

ಮುಚ್ಚುವುದಕ್ಕೆ ಎರಡು ಸಂತೆ ಮೊದಲೇ ಕಳಿಸಿ. ವಾಟ್ಸಾಪ್ ಸ್ಟೇಟಸ್ 24 ಗಂಟೆಗೆ ಹೋಗಿಬಿಡುತ್ತದೆ, ಬ್ರಾಡ್‌ಕಾಸ್ಟ್ ಮಾಡಿದರೆ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತದೆ. ಹಾಗಾಗಿ ಮುಖ್ಯವಾದ ಗಿರಾಕಿಗಳಿಗೆ ಒಬ್ಬೊಬ್ಬರಿಗೇ ಕಳಿಸಿ. ತೋಟದ ಲೈನ್ ಮನೆಗಳಲ್ಲಿ ಎಷ್ಟೋ ಕಡೆ ನೆಟ್‌ವರ್ಕ್ ಇರೋದಿಲ್ಲ ಅಲ್ವಾ, ಅವರಿಗೆ ಶಟರ್ ಮೇಲಿನ ಬೋರ್ಡೇ ಗತಿ. ತಾರೀಖು ದೊಡ್ಡದಾಗಿರಲಿ, ಗೋದಾಮಿನ ಕಡೆಗೆ ಒಂದು ಬಾಣದ ಗುರುತು ಇರಲಿ. ಏಪ್ರಿಲ್‌ನಲ್ಲೂ ಸಂಜೆ ಮಳೆ ಹೊಡೆಯುವುದುಂಟು, ಕಾಗದವಾದರೆ ಪ್ಲಾಸ್ಟಿಕ್ ಕವರ್ ಹಾಕಿ ಅಂಟಿಸಿ.

ಗೂಗಲ್ ಮ್ಯಾಪ್‌ನಲ್ಲಿ ಅಂಗಡಿ ಇದ್ದರೆ Temporarily closed ಅಂತ ಮಾಡಿ. Permanently closed ಒತ್ತಿಬಿಟ್ಟರೆ ಅಂಗಡಿಯೇ ಎತ್ತಿಹೋಯಿತು ಅಂದುಕೊಳ್ಳುತ್ತಾರೆ.

ಕೆಲಸ ಹಿಂದೆ ಬಿದ್ದರೆ 24ರವರೆಗೆ ಕಾಯಬೇಡಿ. 20ರ ಹೊತ್ತಿಗೇ ಅದು ಗೊತ್ತಾಗುತ್ತದೆ. ಅವತ್ತೇ ಕಾರಣ ಒಂದೇ ಸಾಲಿನಲ್ಲಿ ಹೇಳಿ ಹೊಸ ತಾರೀಖು ಕೊಡಿ, ಬೋರ್ಡಿನಲ್ಲೂ ತಿದ್ದಿ. ತೆರೆದ ದಿನ ಬೆಳಿಗ್ಗೆ ಹೊಸ ರ‍್ಯಾಕಿನ ಒಂದು ಫೋಟೋ ಕಳಿಸಿ, ಮ್ಯಾಪ್‌ನಲ್ಲಿ ಮತ್ತೆ Open ಮಾಡಿ. ಗೋದಾಮಿನಲ್ಲಿ ಕೊಟ್ಟ ಸಾಮಾನಿನ ಲೆಕ್ಕವನ್ನು ಅವತ್ತೇ ಪುಸ್ತಕಕ್ಕೆ ಏರಿಸಿಬಿಡಿ.