ಬೆಳಿಗ್ಗೆಯ ಮೀಟಿಂಗ್ ಕೊನೇ ಗಳಿಗೆಯಲ್ಲಿ ಮುಂದೂಡಬೇಕೇ?

11 ಗಂಟೆಗೆ ಬೇರೆ ಕಂಪನಿಯವರ ಜೊತೆ ಮೀಟಿಂಗ್ ಪಕ್ಕಾ ಆಗಿದೆ. ದರಪಟ್ಟಿಯ ಲೆಕ್ಕ ವಿವರಿಸಬೇಕಾದ ಸಹೋದ್ಯೋಗಿಗೆ ಜ್ವರ ಅಂತ 8.30ಕ್ಕೆ ಗೊತ್ತಾಗುತ್ತದೆ. ಇಂಥ ಹೊತ್ತಲ್ಲಿ ಜಾಸ್ತಿ ಜನ ಒದ್ದಾಡಿ ಒದ್ದಾಡಿ, 10.40ಕ್ಕೆ ‘ಅನಿವಾರ್ಯ ಕಾರಣಗಳಿಂದ ಮುಂದೂಡಲಾಗಿದೆ’ ಎಂದು ಮೇಲ್ ಹಾಕುತ್ತಾರೆ. ಅಷ್ಟೊತ್ತಿಗೆ ಬರಬೇಕಾದವರು ಅರ್ಧ ದಾರಿಯಲ್ಲಿರುತ್ತಾರೆ.

1. ಮುಂದೂಡಲೇಬೇಕಾ ನೋಡಿ. ಬೇರೆಯವರು ವಿವರಿಸಬಲ್ಲರು ಅಂತಾದರೆ ಮೀಟಿಂಗ್ ನಡೆಸಿಬಿಡಿ.

2. ಫೋನ್ ಮಾಡಿ. ಎಡವಟ್ಟಾಗುವುದು ಇಲ್ಲೇ. ಸಮಯ ಗೊತ್ತುಮಾಡಿದವರು ನೀವಾದರೆ ಫೋನ್ ಮಾಡಬೇಕಾದವರೂ ನೀವೇ. ಕಿರಿಯರ ಕೈಲಿ ಮಾಡಿಸಬೇಡಿ. ವಾಯ್ಸ್ ಮೆಸೇಜ್ ಅಂತೂ ಬೇಡವೇ ಬೇಡ, ಅವರು ಅದನ್ನು ಯಾವಾಗ ಕೇಳುತ್ತಾರೋ ಹೇಳಲಾಗುವುದಿಲ್ಲ. ಎತ್ತದಿದ್ದರೆ ಒಂದು ಸಾಲಿನ ಮೆಸೇಜ್ ಹಾಕಿ, ಹತ್ತು ನಿಮಿಷ ಬಿಟ್ಟು ಮತ್ತೆ ಮಾಡಿ.

ಮೊದಲ ಪ್ರಶ್ನೆ, ‘ಹೊರಟುಬಿಟ್ರಾ?’ ಆಮೇಲೆ ಕಾರಣ, ಒಂದೇ ಮಾತಿನಲ್ಲಿ: ‘ಲೆಕ್ಕ ನೋಡಿಕೊಳ್ಳುವವರಿಗೆ ಹುಷಾರಿಲ್ಲ, ಅವರಿಲ್ಲದೆ ಕೂತರೆ ನಿಮ್ಮ ಸಮಯ ಹಾಳು.’ ಕಾರಣ ಉದ್ದವಾದಷ್ಟೂ ಸುಳ್ಳಿನಂತೆ ಕೇಳಿಸುತ್ತದೆ. ಹೇಳಿಕೊಳ್ಳಲಾಗದ ವಿಷಯವಾದರೆ ‘ನಮ್ಮ ಕಡೆಯದೇ ತೊಂದರೆ’ ಅಂದರೆ ಸಾಕು. ಸುಮ್ನೆ ಕಥೆ ಕಟ್ಟಬೇಡಿ.

ಕ್ಷಮೆ ಕೇಳಿ ಫೋನ್ ಇಟ್ಟುಬಿಡುವವರು ಇದೊಂದನ್ನು ಕೇಳುವುದೇ ಇಲ್ಲ: ‘ಇವತ್ತು ನಿಮಗೆ ನಮ್ಮಿಂದ ಏನು ಬೇಕೇ ಬೇಕಿತ್ತು?’ ಮಧ್ಯಾಹ್ನ 3ಕ್ಕೆ ತಮ್ಮ ಮೇಲಿನವರಿಗೆ ದರ ತೋರಿಸಬೇಕಿತ್ತು ಅನ್ನುತ್ತಾರೆ ಅಂತಿಟ್ಟುಕೊಳ್ಳಿ. ದರಪಟ್ಟಿ ನಿಮ್ಮ ಬಳಿ ಸಿದ್ಧ ಇದೆ. 12ರೊಳಗೆ ಕಳಿಸುತ್ತೇನೆ ಅನ್ನಿ. ಈಗ ಮುಂದಕ್ಕೆ ಹೋದದ್ದು ಚರ್ಚೆ ಮಾತ್ರ, ಅವರ ಕೆಲಸ ನಿಲ್ಲಲಿಲ್ಲ.

3. ಎರಡು ಹೊತ್ತು ಹೇಳಿ. ‘ನಿಮಗೆ ಯಾವಾಗ ಅನುಕೂಲವೋ ಹೇಳಿ’ ಅನ್ನುವುದು ವಿನಯದಂತೆ ಕಂಡರೂ ಮತ್ತೆ ಹೊಂದಿಸುವ ಕೆಲಸ ಅವರ ತಲೆಗೇ ಬರುತ್ತದೆ. ‘ನಾಳೆ 4 ಅಥವಾ ನಾಡಿದ್ದು 11’ ಎಂದು ಹೇಳಿ. ಹೇಳುವ ಮುಂಚೆ ನಿಮ್ಮವರು ಆ ಹೊತ್ತಿಗೆ ಸಿಗುತ್ತಾರಾ ವಿಚಾರಿಸಿಕೊಳ್ಳಿ, ಹುಷಾರಿಲ್ಲದವರ ಬದಲಿಗೆ ಯಾರು ಅನ್ನುವುದನ್ನೂ ಸೇರಿಸಿ. ಸಮಯ ಆರಿಸಿಕೊಳ್ಳುವ ಬುಕಿಂಗ್ ಲಿಂಕ್ ಕಳಿಸುವುದು ನನಗಂತೂ ಹಿಡಿಸುವುದಿಲ್ಲ. ತಪ್ಪಿಸಿದವರು ನೀವು, ಫಾರ್ಮ್ ತುಂಬಬೇಕಾದವರು ಅವರಾ?

4. ಕ್ಯಾಲೆಂಡರ್ ಸರಿಮಾಡಿ. ಕರೆದವರು ನೀವಾದರೆ ಹಳೆಯ ಆಹ್ವಾನ ಅಳಿಸಬೇಡಿ, ಅದರದೇ ಸಮಯ ಬದಲಿಸಿ ಎಲ್ಲರಿಗೂ ಅಪ್‌ಡೇಟ್ ಕಳಿಸಿ. ಲಿಂಕು, ಕಡತ ಎಲ್ಲ ಅದರಲ್ಲೇ ಉಳಿಯುತ್ತವೆ. ಕರೆದವರು ಅವರಾದರೆ ‘Propose new time’ ಒತ್ತಿ. ಫೋನಿನಲ್ಲಿ ಒಬ್ಬರಿಗೆ ಹೇಳಿದ್ದು ಉಳಿದವರಿಗೆ ತಲುಪಿರುವುದಿಲ್ಲ, ಅಲ್ವಾ? ಹೊಸ ಸಮಯದ ಜೊತೆ ದರಪಟ್ಟಿಯ ಮಾತನ್ನೂ ಬರೆದು ಎಲ್ಲರಿಗೂ ಮೇಲ್ ಹಾಕಿ.

5. ದರಪಟ್ಟಿ 12ಕ್ಕೆ ಮುಂಚೆ ಹೋಗಲಿ. ತಡವಾಗುವಂತಿದ್ದರೆ 11.30ಕ್ಕೇ ತಿಳಿಸಿ. ಹೊಸ ದಿನವೂ ಅಲುಗಾಡುವಂತೆ ಕಂಡರೆ ಮತ್ತೆ ಮುಂದೂಡಬೇಡಿ, ಇದ್ದವರನ್ನೇ ಕೂರಿಸಿಕೊಂಡು ಆದಷ್ಟು ಮಾತಾಡಿ ಮುಗಿಸಿ.