ನೆಗೆತವನ್ನು ತೆಳು ಪಟ್ಟಿಯಲ್ಲಿ ಹಿಡಿಯುವುದು: ರೀಮನ್ ಅನುಕಲನ, ನನ್ನ ಅನುಭವ

ಒಂದು ಫಂಕ್ಷನ್ ರೀಮನ್ ಅನುಕಲನಕ್ಕೆ ಒಗ್ಗುತ್ತದೆಯೇ ಎಂದು ನೋಡುವಾಗ ನಾನು ಅದರ ವಿಸ್ತೀರ್ಣ ಎಷ್ಟು ಎಂಬ ಪ್ರಶ್ನೆಯನ್ನು ಮೊದಲು ಪಕ್ಕಕ್ಕಿಡುತ್ತೇನೆ. ಮೊದಲು ಕೇಳಬೇಕಾದದ್ದು ಬೇರೆ: [a, b]ಯನ್ನು ತುಂಡು ಮಾಡಿ, ಪ್ರತಿ ತುಂಡಿನ ಮೇಲೆ ಫಂಕ್ಷನ್ ಏರುವ ಮೇಲ್ಮೇರೆಯನ್ನು ಅಗಲದಿಂದ ಗುಣಿಸಿ ಕೂಡಿದರೆ ಮೇಲ್ಮೊತ್ತ U, ಇಳಿಯುವ ಕೆಳಮೇರೆಯಿಂದ ಹಾಗೆಯೇ ಮಾಡಿದರೆ ಕೆಳಮೊತ್ತ L. ಯಾರಾದರೂ ಸೊನ್ನೆಗಿಂತ ದೊಡ್ಡದಾದ ಒಂದು ಸಂಖ್ಯೆ ε ಕೊಟ್ಟರೆ, U − L ಅದಕ್ಕಿಂತ ಕಡಿಮೆಯಾಗುವಂತೆ ತುಂಡು ಮಾಡಲು ಬರುತ್ತದೆಯೇ? ಎಷ್ಟೇ ಸಣ್ಣ ε ಕೊಟ್ಟರೂ ಬರುವುದಾದರೆ ಅನುಕಲ ಇದೆ. ರೀಮನ್ 1854ರಲ್ಲಿ ಕೊಟ್ಟ ವ್ಯಾಖ್ಯೆಯನ್ನು ಡಾರ್ಬೂ 1875ರಲ್ಲಿ ಈ ಎರಡು ಮೊತ್ತಗಳ ರೂಪಕ್ಕೆ ತಂದರು. ಕೈಯಲ್ಲಿ ಲೆಕ್ಕ ಮಾಡುವವರಿಗೆ ಇದೇ ಸುಲಭ.

ಒಂದು ಉದಾಹರಣೆಯನ್ನು ಕೊನೆಯವರೆಗೂ ಮಾಡಿಬಿಡೋಣ. [0, 2]ರ ಮೇಲೆ x < 1 ಇದ್ದಾಗ f(x) = x, x ≥ 1 ಇದ್ದಾಗ f(x) = x + 3. 1ರಲ್ಲಿ ಗೆರೆ 1ರಿಂದ 4ಕ್ಕೆ ನೆಗೆಯುತ್ತದೆ. ε = 0.1 ಎಂದಿಟ್ಟುಕೊಂಡು ಅರ್ಧವನ್ನು ನೆಗೆತಕ್ಕೆ, ಇನ್ನರ್ಧವನ್ನು ಉಳಿದ ಭಾಗಕ್ಕೆ ಮೀಸಲಿಡುತ್ತೇನೆ.

ನೆಗೆತದ ಸುತ್ತ 0.995ರಿಂದ 1.005ರವರೆಗೆ ಒಂದು ತೆಳು ಪಟ್ಟಿ. ಅದರೊಳಗೆ f 0.995ರಿಂದ 4.005ರವರೆಗೆ ಹೊಯ್ದಾಡುತ್ತದೆ, ಅಂದರೆ ಹೊಯ್ದಾಟ 3.01. ಪಟ್ಟಿಯ ಅಗಲ 0.01. ಆದ್ದರಿಂದ U − Lಗೆ ಇಲ್ಲಿಂದ ಸೇರುವುದು 0.0301 ಮಾತ್ರ. ಎರಡು ಬದಿಯಲ್ಲೂ 0.995 ಉದ್ದದ ಭಾಗ ಉಳಿಯಿತು, ಅಲ್ಲಿ f ಎಲ್ಲೂ ಕಡಿಯದೆ ಸಾಗುತ್ತದೆ. ಪ್ರತಿಯೊಂದನ್ನೂ 40 ಸಮ ತುಂಡು ಮಾಡಿದರೆ ಒಂದು ತುಂಡಿನ ಹೊಯ್ದಾಟ 0.995/40, ಎರಡು ಬದಿ ಸೇರಿ 2 × 0.995² / 40, ಸುಮಾರು 0.0495. ಒಟ್ಟು 0.0796. ಕೊಟ್ಟ 0.1ರೊಳಗೇ ಬಂತು.

ನೆಗೆತ ಏಕೆ ಅಡ್ಡಿಯಾಗಲಿಲ್ಲ ಎಂಬುದು ಇಲ್ಲಿ ಕಣ್ಣಿಗೇ ಕಾಣುತ್ತದೆ. ಹೊಯ್ದಾಟ ಎಂದೂ 3ಕ್ಕಿಂತ ಕೆಳಗೆ ಇಳಿಯದು, ಅದನ್ನು ಕುಗ್ಗಿಸಲು ಹೋಗಬಾರದು. ಕುಗ್ಗುವುದು ಅಗಲ. ನೆಗೆತಗಳು k ಇದ್ದು, ಫಂಕ್ಷನ್ನಿನ ಒಟ್ಟು ಹೊಯ್ದಾಟ M ಇದ್ದರೆ, ಪ್ರತಿ ಪಟ್ಟಿಯ ಅಗಲವನ್ನು ε/(2kM)ಗಿಂತ ಕಡಿಮೆ ಇಟ್ಟರೆ ಸಾಕು. f(1)ನ ಬೆಲೆಯನ್ನು 100 ಮಾಡಿದರೂ ಉತ್ತರ ಬದಲಾಗದು. ಹಳೆಯ ಪಟ್ಟಿ ಆಗ ಸಾಲದು (0.01 × 99.005 ಎಂದರೆ ಹೆಚ್ಚುಕಡಿಮೆ 0.99), ಅಗಲವನ್ನು 0.0004ಕ್ಕೆ ಇಳಿಸಿದರೆ ಮತ್ತೆ 0.04ರೊಳಗೆ ಬರುತ್ತದೆ.

ಪದೇ ಪದೇ ಆಗುವ ಒಂದು ತಪ್ಪು: 1ನ್ನೇ ವಿಭಜನಾ ಬಿಂದು ಮಾಡಿಬಿಟ್ಟರೆ ನೆಗೆತ ಲೆಕ್ಕದಿಂದ ಹೊರಬಿತ್ತು ಎಂದುಕೊಳ್ಳುವುದು. ಹೊರಬೀಳುವುದಿಲ್ಲ. ತುಂಡುಗಳಲ್ಲಿ ಎರಡೂ ಕೊನೆಬಿಂದು ಸೇರಿರುತ್ತವೆ, ಹಾಗಾಗಿ ಎಡಗಡೆಯ [1 − h, 1]ರಲ್ಲಿ f(1) = 4 ಕೂತೇ ಇದೆ. ಆ ತುಂಡಿನ ಪಾಲು h(3 + h). ಇಲ್ಲೂ h ಸಣ್ಣದಾಗಲೇಬೇಕು.

ಈ ಉಪಾಯಕ್ಕೆ ಎರಡು ಕಡೆ ಮಿತಿ ಇದೆ. ಒಂದು, ಫಂಕ್ಷನ್ ಮಿತಿಯಿಲ್ಲದೆ ಏರಬಾರದು. [0, 1]ರಲ್ಲಿ 1/√x ತೆಗೆದುಕೊಂಡು f(0) = 0 ಎಂದಿಟ್ಟರೂ, 0ಯ ಪಕ್ಕದ ಪಟ್ಟಿಯನ್ನು ಎಷ್ಟು ತೆಳ್ಳಗೆ ಮಾಡಿದರೂ ಅದರೊಳಗಿನ ಹೊಯ್ದಾಟ ಅನಂತ. 2 ಎಂದು ಬರುವ ಉತ್ತರ ಆ ಪಟ್ಟಿಯನ್ನು ಬಿಟ್ಟು ಉಳಿದದ್ದರ ಅನುಕಲ ಮಾಡಿ, ಪಟ್ಟಿಯ ಅಗಲವನ್ನು 0ಯತ್ತ ಒಯ್ದು ಪಡೆದದ್ದು, ರೀಮನ್ ಅನುಕಲವಲ್ಲ. ಇನ್ನೊಂದು, ಕಡಿತಗಳು ಎಲ್ಲೆಡೆ ಹರಡಿರಬಾರದು. ಭಾಗಲಬ್ಧ ಸಂಖ್ಯೆಗಳಲ್ಲಿ 1, ಉಳಿದಲ್ಲಿ 0 ಆಗುವ ಡಿರಿಕ್ಲೆ ಫಂಕ್ಷನ್ನಿನಲ್ಲಿ ಪ್ರತಿ ತುಂಡಿನೊಳಗೂ ಎರಡೂ ಬಗೆಯ ಸಂಖ್ಯೆಗಳಿವೆ, [0, 1]ರಲ್ಲಿ ಹೇಗೇ ತುಂಡು ಮಾಡಿ, U − L ಸದಾ 1.

ಆದರೆ ಅನಂತ ಕಡಿತ ಎಂದೊಡನೆ ಕೈಬಿಡಬೇಡಿ. 1, 1/2, 1/3, ... ಈ ಬಿಂದುಗಳಲ್ಲಿ 1, ಉಳಿದಲ್ಲಿ 0 ಎಂದಿದ್ದರೆ, 0ಯ ಪಕ್ಕದ ಒಂದೇ ಪಟ್ಟಿಯೊಳಗೆ ಬಹುಪಾಲು ಬಿಂದುಗಳು ಸೇರಿಹೋಗುತ್ತವೆ. ಹೊರಗುಳಿದವು ಬೆರಳೆಣಿಕೆಯವು. ಅನುಕಲ 0. ಲೆಬೆಗ್ ಕೊಟ್ಟ ಪೂರ್ಣ ಉತ್ತರವೂ ಇದೇ ದಾರಿಯದು: ಮಿತಿಯುಳ್ಳ ಫಂಕ್ಷನ್ನಿನ ಕಡಿತಬಿಂದುಗಳನ್ನು ಒಟ್ಟು ಉದ್ದ ಎಷ್ಟು ಬೇಕಾದರೂ ಸಣ್ಣದಾಗಿರುವ ಪಟ್ಟಿಗಳಿಂದ (ಅಗತ್ಯವಿದ್ದರೆ 1, 2, 3 ಎಂದು ಎಣಿಸಬಹುದಾದ ಅನಂತ ಪಟ್ಟಿಗಳಿಂದ) ಮುಚ್ಚಲು ಬಂದರೆ ಅನುಕಲವಿದೆ, ಬಾರದಿದ್ದರೆ ಇಲ್ಲ.

ಈಗ ಬೆಲೆ. ನಮ್ಮ fಗೆ ನೆಗೆತದಲ್ಲಿ ಒಡೆದು ಲೆಕ್ಕ ಹಾಕಬೇಕು: 0ಯಿಂದ 1ರವರೆಗೆ 1/2, 1ರಿಂದ 2ರವರೆಗೆ 3/2 + 3, ಒಟ್ಟು 5. ಒಡೆಯದೆ x²/2 + 3x ಹಿಡಿದು 2 ಮತ್ತು 0ಯನ್ನು ಹಾಕಿದರೆ 8 ಬರುತ್ತದೆ, ಏಕೆಂದರೆ ಎಡ ಅರ್ಧಕ್ಕೂ ಆ 3 ಸೇರಿಬಿಟ್ಟಿತು. ಸರಿ ಮಾಡಿದಿರೋ ಎಂದು ಪರೀಕ್ಷಿಸಲು 0ಯಿಂದ xವರೆಗಿನ ಅನುಕಲ F(x)ನ್ನು ಬರೆದು ನೋಡಿ: 1ರಲ್ಲಿ ಎರಡೂ ಕಡೆಯಿಂದ F 1/2 ಆಗಬೇಕು, ಗೆರೆ ಕೂಡಿಕೊಂಡೇ ಇರಬೇಕು. ಅಲ್ಲಿ ಒಂದು ಮೂಲೆ ಮಾತ್ರ ಕಾಣುತ್ತದೆ, ಎಡದ ಇಳಿಜಾರು 1, ಬಲದ್ದು 4. ಮೂಲೆಯ ಬದಲು F ಅಲ್ಲೇ ನೆಗೆದಿದ್ದರೆ ಸ್ಥಿರಾಂಕವನ್ನು ಸೇರಿಸುವುದು ಎಲ್ಲೋ ತಪ್ಪಿದೆ.